ಬೋರ್ಡ್ ಮ್ಯಾಲ ಎಲ್ಲಾ ಹಸಿರು, ಕಡೀಕ ಏಕ್‌ದಂ ಕೆಂಪು: ನಾಲ್ಕು ಟೀಮಿನ ಪ್ರೋಗ್ರಾಂ ಬೋರ್ಡ್ ಹೆಂಗ ಇಡ್ತೀರಿ?

ಭೀಮಾತೀರ (ಕಲಬುರಗಿ)

ಎಲ್ಲಾರಿಗೂ ಶರಣ್ರಿ. ರೈತರ ಕಂಪನಿಗಳ ಒಂದು ಒಕ್ಕೂಟಕ್ಕ ತೊಗರಿ ಖರೀದಿ ಸಾಫ್ಟ್‌ವೇರ್ ಮಾಡ್ಲಕತ್ತೀವಿ, ನಾಲ್ಕು ಟೀಮ್ ಅದಾವ. ನೋಂದಣಿ ಟೀಮ್, ತೂಕದ ಟೀಮ್ ಇಲ್ಲೇ ಊರಾಗ, ಗೋದಾಮಿಂದು ಪುಣೆದಾಗ, ಪೇಮೆಂಟಿಂದು ಬೆಂಗಳೂರಾಗ. ಕೆಲಸ ಹಿಂಗದ: ರೈತ ಹೆಸರು ಹಚ್ಚಸ್ತಾನ, ಗಾಡಿ ಕಾಟಾ ಮ್ಯಾಲ ತೂಗ್ತದ, ಚೀಟಿ ಬರ್ತದ, ಮಾಲು ಗೋದಾಮಿಗೆ, ರೊಕ್ಕ ರೈತನ ಅಕೌಂಟಿಗೆ. ಒಬ್ಬರ ಕೆಲಸ ಆಗ್ಲಿಲ್ಲಾಂದ್ರ ಇನ್ನೊಬ್ಬರು ಕೈ ಕಟ್ಕೊಂಡ್ ಕೂಡಬೇಕು.

ಹೋದ ಸಲ ಬೋರ್ಡ್ ಹಾಕಿದ್ವಿ, ಎಂಟು ವಾರ ಎಲ್ಲಾ ಹಸಿರು, ಕಡೀ ಎರಡು ವಾರದಾಗ ಎಲ್ಲಾ ಕೆಂಪು. ಈ ಸಲ ಮತ್ತ ಹಾಕೀವಿ. ಅಡ್ಡ ಐದು ಸ್ಪ್ರಿಂಟ್, ಉದ್ದ ನಾಲ್ಕು ಟೀಮ್, ನಡುವ ಕೆಂಪು ಉಲ್ಲನ್ ದಾರ (ಸೂಪರ್ ಮಾರ್ಕೆಟಿನಾಗ ತಂದಿದ್ದು, ಫೋಟೋ ತಗದು ಪುಣೆ ಬೆಂಗಳೂರಿಗೆ ಕಳಸ್ತೀವಿ). ಮೊದಲ್ನೇ ಸ್ಪ್ರಿಂಟ್ ಅಕ್ಟೋಬರ್ 6ಕ್ಕ ಶುರು, ಎರಡೆರಡು ವಾರ, ಐದನೇದು ಡಿಸೆಂಬರ್ 12ಕ್ಕ ಮುಗೀತದ, 15ಕ್ಕ ಮೊದಲ್ನೇ ಸೆಂಟರ್ ಚಾಲೂ ಆಗಬೇಕು, ಯಾಕಂದ್ರ ಆವಾಗಿಂದ ತೊಗರಿ ರಾಶಿ ಆಗಲಕ್ಕ ಹತ್ತತಾವ, ರೈತ ಸಾಫ್ಟ್‌ವೇರ್ ರೆಡಿ ಇಲ್ಲಂತ ಮಾಲು ಇಟ್ಕೊಂಡು ಕೂಡಂಗಿಲ್ಲ.

ಈಗಿನ ಬೋರ್ಡ್ ನೋಡ್ರಿ: ನೋಂದಣಿ ಟೀಮ್ ರೈತನ ಹುಡುಕಾಟದ ಎಪಿಐ ಕೊಡೋದು ಸ್ಪ್ರಿಂಟ್ 3ರಾಗ. ತೂಕದ ಟೀಮ್ ಅದನ್ನ ಉಪಯೋಗಿಸಿ ಚೀಟಿ ಮಾಡೋದು ಸ್ಪ್ರಿಂಟ್ 3ರಾಗ. ಪೇಮೆಂಟ್ ಟೀಮ್ ಚೀಟಿ ತಗೊಂಡು ರೊಕ್ಕ ಹಾಕೋದು ಸ್ಪ್ರಿಂಟ್ 4. ಐದನೇದು ಪೂರ್ತಿ ಸೆಂಟರಿನಾಗ ಟ್ರಯಲ್‌ಗೆ. ನಾಲ್ಕೂ ಟೀಮ್ ಲೀಡ್‌ಗಳು ಆಗ್ತದ ಅಂದಾರ. ನಂಗ ಮಾತ್ರ ಯಾಕೋ ಸಮಾಧಾನ ಇಲ್ಲ. ಎಲ್ಲಿ ತಪ್ಪದ ಹೇಳ್ರಿ.

ಸುಮ್ನಿರಪ್ಪ

ನಾಲ್ಕು ಟೀಮಿಗೆ ಬೋರ್ಡ್ ಎದಕ್ಕ ಬೇಕ್ರಿ? ನಾಲ್ಕು ಲೀಡ್‌ಗಳ ಒಂದು ವಾಟ್ಸಾಪ್ ಗ್ರೂಪ್ ಮಾಡ್ರಿ, ದಿನಾ ಮುಂಜಾನೆ "ನನಗ ಇದು ಬೇಕು" ಅಂತ ಹಾಕಿದ್ರ ಆಯ್ತು. ಬೋರ್ಡ್, ದಾರ, ಗುಂಡುಸೂಜಿ, ಇವೆಲ್ಲ ನೂರು ಜನ ಇದ್ದಲ್ಲಿ ಮಾಡೋ ಕೆಲಸ.

ಶಹಾಬಾದ್ ಫ್ಲೆಕ್ಸ್

ಪ್ರೋಗ್ರಾಂ ಬೋರ್ಡ್ ಬೇಕಂದ್ರ ನಾವು ಮಾಡಿ ಕೊಡ್ತೀವಿ ಸರ್, 10 ಬೈ 6 ಫ್ಲೆಕ್ಸ್ ಫ್ರೇಮ್ ಸಮೇತ, ಅತಿಥಿಗಳ ಫೋಟೋ ಕಳಿಸಿದ್ರ ಸಂಜೀಕ ರೆಡಿ. ಜಾತ್ರಿ, ಮದುವಿ, ಉದ್ಘಾಟನೆ ಎಲ್ಲಾ ಮಾಡ್ತೀವಿ.

ಭೀಮಾತೀರ

ಅಣ್ಣಾ ಇದು ಆ ಪ್ರೋಗ್ರಾಂ ಅಲ್ಲ 😀 ಆದ್ರ 10 ಬೈ 6ರ ಮ್ಯಾಲ ಐದು ಕಾಲಂ ನಾಲ್ಕು ಸಾಲು ಗೆರಿ ಹಾಕಿ ಪ್ರಿಂಟ್ ಮಾಡಿಕೊಡ್ತೀರಂದ್ರ ಖರೇನೇ ಬೇಕು, ಗೋಡಿ ಮ್ಯಾಲ ಟೇಪ್ ನಿಲ್ಲವಲ್ದು.

ಟಿಕೆಟ್ ಮಾಸ್ತರ

ದಾರ ತಗದು ಬಿಸಾಕ್ರಿ ಮೊದಲ. ಜಿರಾದಾಗ ಪ್ಲಾನ್ಸ್ ಅಂತ ಅದ, ಪ್ರತಿ ಟಿಕೆಟಿಗೆ `is blocked by` ಲಿಂಕ್ ಹಾಕ್ರಿ, ಶುರು ತಾರೀಖು ಮುಗಿಯೋ ತಾರೀಖು ತುಂಬ್ರಿ, ಕೊಡೋರ ಕೆಲಸ ಮುಗಿಯೋಕಿಂತ ಮೊದಲ ತಗೊಳ್ಳೋರದು ಶುರು ಆದ್ರ ತಾನೇ ಕೆಂಪು ತೋರಸ್ತದ. ದಿನಾ ಮುಂಜಾನೆ ಈ ಫಿಲ್ಟರ್ ಓಡಿಸಿ ನೋಡ್ರಿ, ಇನ್ನ ಎರಡು ವಾರದಾಗ ಮುಗಿಬೇಕಿದ್ದು ಸಿಕ್ಕಿಬಿದ್ದದ್ದು ಏನೇನದ ಎಲ್ಲಾ ಬರ್ತದ:

```
issueLinkType = "is blocked by"
AND statusCategory != Done
AND duedate <= 14d
ORDER BY duedate
```

ಇಷ್ಟ್ ಮಾಡಿದ್ರ ಬೋರ್ಡ್ ತಾನೇ ಸುಳ್ಳು ಹೇಳೋದು ಬಿಡ್ತದ.

ಬಿದರಿ ಅಕ್ಕ (ಬೀದರ್, ಈಗ ಹೈದರಾಬಾದ್)

ಮಾಸ್ತರೇ ಅರ್ಧ ಬರೋಬರಿ. ತಾರೀಖು ಅಡ್ಡ ಬಂದ್ರ ಕೆಂಪು ಬರೋದು ಖರೇ, ತಾರೀಖು ತುಂಬಿದ್ರ ಮಾತ್ರ. ಭೀಮಾತೀರ ಹೇಳಿದ್ದ ಬೋರ್ಡಿನಾಗ ಎರಡೂ ಕಾರ್ಡಿಗೆ ಬರೇ "ಸ್ಪ್ರಿಂಟ್ 3" ಅಂತ ಇದ್ರ ಯಾವ ಟೂಲೂ ಏನೂ ಹೇಳಂಗಿಲ್ಲ. ನಿಮ್ಮ ಫಿಲ್ಟರಿಂದೂ ಒಂದು ಮಾತು: ಅದು ಲಿಂಕ್ ಇದ್ದ ಟಿಕೆಟೆಲ್ಲಾ ತರ್ತದ, ತಡೆದಿದ್ದ ಟಿಕೆಟ್ ಮುಗಿದು ಹದಿನೈದು ದಿನ ಆಗಿದ್ರೂ ತರ್ತದ. ಲಿಂಕಿನ ಆ ಕಡೀ ಟಿಕೆಟಿನ ಸ್ಥಿತಿ ಬರೇ ಜೆಕ್ಯೂಎಲ್‌ನಾಗ ಕೇಳ್ಲಿಕ್ಕ ಬರಂಗಿಲ್ಲ, ಅದಕ್ಕ ಬ್ಯಾರೆ ಆ್ಯಪ್ ಹಾಕಬೇಕು. ಎರಡು ವಾರ ಆದ ಮ್ಯಾಲ ಅರ್ಧ ಪಟ್ಟಿ ಸತ್ತ ಟಿಕೆಟ್ ತುಂಬಿರ್ತದ, ಜನ ನೋಡೋದೇ ಬಿಡ್ತಾರ.

ಈಗ ಭೀಮಾತೀರರ ಬೋರ್ಡಿಗೆ ಬರ್ತೀನಿ. ತಪ್ಪಿರೋದು ಸ್ಪ್ರಿಂಟ್ 3ರ ಕಾಲಮಿನಾಗ ನೆಟ್ಟಗ ಮ್ಯಾಲಿಂದ ಕೆಳಗ ಇಳದದಲ್ಲ, ಆ ದಾರ. ಕೊಡೋರು ತಗೊಳ್ಳೋರು ಒಂದೇ ಕಾಲಮಿನಾಗ ಇದ್ದಾರಂದ್ರ ಆ ದಾರ ನಾನು ನಂಬಂಗಿಲ್ಲ. ನೋಂದಣಿಯವರು "ಸ್ಪ್ರಿಂಟ್ 3ರಾಗ ಕೊಡ್ತೀವಿ" ಅಂದ್ರ ಅವರ ಲೆಕ್ಕದಾಗ ನವೆಂಬರ್ 14 ಶುಕ್ರವಾರ ಸಂಜೀಕ. ತೂಕದವರು "ಸ್ಪ್ರಿಂಟ್ 3ರಾಗ ಬೇಕು" ಅಂದ್ರ ಅವರ ಲೆಕ್ಕದಾಗ ನವೆಂಬರ್ 3 ಸೋಮವಾರ ಮುಂಜಾನೆ. ಇಬ್ಬರೂ ಸುಳ್ಳು ಹೇಳಿಲ್ಲ, ಇಬ್ಬರೂ ಹೂಂ ಅಂದಾರ, ಕಾರ್ಡ್ ಹಸಿರು ಅದ, ನಡುವ ಪೂರಾ ಎರಡು ವಾರ ಯಾರ ಕಣ್ಣಿಗೂ ಬೀಳದಂಗ ಕೂತಾವ.

ತೂಕದ ಕೆಲಸಕ್ಕ, ಪೇಮೆಂಟ್ ಕೆಲಸಕ್ಕ ಎಷ್ಟೆಷ್ಟು ದಿನ ಹಿಡೀತಾವ ಹೇಳ್ರಿ, ಲೆಕ್ಕ ಹಾಕೋಣ.

ಭೀಮಾತೀರ

ತೂಕದ್ದು 8 ಕೆಲಸದ ದಿನ, ಪೇಮೆಂಟಿಂದು 9 ಅಂತ ಅಂದಾಜು ಕೊಟ್ಟಾರ ಅಕ್ಕಾ.

ಬಿದರಿ ಅಕ್ಕ

ನೋಡ್ರಿ ಹಂಗಾದ್ರ. 14ರ ಸಂಜೀಕ ಎಪಿಐ ಕೈಗೆ ಬಂದ್ರ ತೂಕದವರು ಖರೇ ಶುರು ಮಾಡೋದು 17ರ ಸೋಮವಾರ. 8 ದಿನ ಅಂದ್ರ ನವೆಂಬರ್ 26. ಪೇಮೆಂಟ್ 27ಕ್ಕ ಶುರು, 9 ದಿನ, ಡಿಸೆಂಬರ್ 9ಕ್ಕ ಮುಗೀತು. ಸೆಂಟರಿನಾಗ ಟ್ರಯಲ್‌ಗೆ ಉಳಿದದ್ದು 10, 11, 12, ಮೂರೇ ದಿನ. ನೀವು ಬೋರ್ಡಿನಾಗ ತೋರಿಸಿದ್ದು ಹತ್ತು ದಿನ. ಯಾರೂ ಒಂದು ದಿನ ಸುದ್ದ ಲೇಟ್ ಮಾಡಿಲ್ಲ, ಎಲ್ಲಾರೂ ಅಂದಿದ್ದು ಅಂದಂಗ ಮಾಡ್ಯಾರ, ಆದ್ರೂ ಟ್ರಯಲ್ ಏಳು ದಿನ ಕಳಕೊಂಡ್ತು. ಹೋದ ಸಲ ಎಂಟು ವಾರ ಹಸಿರಿದ್ದು ಕಡೀಕ ಕೆಂಪಾಗಿದ್ದು ಹಿಂಗೇ ಇರಬೇಕು.

ಇದಕ್ಕ ಎರಡು ದಾರಿ. ಒಂದು, ಕೊಡೋರನ್ನ ಒಂದು ಕಾಲಂ ಹಿಂದಕ್ಕ ಸರಸೋದು. ನಿಮ್ಮಲ್ಲಿ ಅದು ಆಗಂಗಿಲ್ಲ ಅನಸ್ತದ, ಸ್ಪ್ರಿಂಟ್ 2 ಅಕ್ಟೋಬರ್ 20ಕ್ಕ ಶುರು ಆಗ್ತದ, ಅದೇ ವಾರ ದೀಪಾವಳಿ, ಮೂರು ದಿನ ಯಾರೂ ಸಿಗಂಗಿಲ್ಲ, ಪುಣೆದವರಂತೂ ವಾರ ಪೂರ್ತಿ ರಜಾ ಹಾಕ್ತಾರ. ಎರಡನೇದು, ಒಂದು ದಾರ ಕಡದು ಎರಡು ಮಾಡೋದು. ಎಪಿಐಗೆ ಏನು ಕೇಳಿದ್ರ ಏನು ಉತ್ತರ ಬರ್ತದ ಅನ್ನೋ ನಮೂನೆ ಮೊದಲ ಗಟ್ಟಿ ಮಾಡ್ರಿ, ಅಕ್ಟೋಬರ್ 17ರೊಳಗ, ಅದು ಇಬ್ಬರು ಕೂತು ಅರ್ಧ ದಿನದ ಕೆಲಸ. ತೂಕದವರು ಆ ನಮೂನೆದ ಸುಳ್ಳು ಉತ್ತರ ಇಟ್ಕೊಂಡು ನವೆಂಬರ್ 3ಕ್ಕೇ ಶುರು ಮಾಡ್ಲಿ. ನೋಂದಣಿಯವರು ತಮ್ಮ ಸ್ಪ್ರಿಂಟಿನಾಗ ಹುಡುಕಾಟ ಮೊದಲ ತಗೊಳ್ಳಲಿ, ತಿದ್ದುಪಡಿ ಸ್ಕ್ರೀನ್ ಆಮ್ಯಾಲ. ಖರೇ ಎಪಿಐ ನವೆಂಬರ್ 5ಕ್ಕ ಬಂದ್ರ 6ಕ್ಕ ಜೋಡಸ್ತಾರ, ತೂಕ 12ಕ್ಕ ಮುಗೀತದ, ಎರಡು ದಿನ ಕೈಯಾಗ ಉಳೀತಾವ. ಪೇಮೆಂಟ್ 17ಕ್ಕ ಶುರು ಮಾಡಿ 27ಕ್ಕ ಮುಗಸ್ತಾರ. ಟ್ರಯಲ್ ಹತ್ತು ದಿನ ಹಂಗೇ ಉಳೀತು.

ಇನ್ನೊಂದು, ದಾರದ ಮ್ಯಾಲೇ ಒಂದು ಚೀಟಿ ಅಂಟಸ್ರಿ, ಎರಡೂ ಕಾರ್ಡಿನ ಮ್ಯಾಲಲ್ಲ. ಏನು ಕೊಡೋದು, ಯಾವ ತಾರೀಖಿಗೆ ಬೇಕು, ಯಾವ ತಾರೀಖಿಗೆ ಕೊಡ್ತೀನಂದ್ರು. ಕೊಡೋ ತಾರೀಖು ಬೇಕಾದ ತಾರೀಖಿನ ಮುಂದ ಹೋದ ದಿನಾನೇ ದಾರ ಕೆಂಪು, ಕೆಲಸ ಶುರು ಆಗಿರ್ಲಿ ಬಿಡ್ಲಿ. ಮತ್ತ ಮುಗೀತು ಅಂತ ಹೇಳೋ ಹಕ್ಕು ತಗೊಳ್ಳೋರಿಗೆ ಮಾತ್ರ. ಕೊಟ್ಟವರು "ಕೊಟ್ಟೀವಿ" ಅಂತ ಹಸಿರು ಮಾಡಿದ್ರ ಅದಕ್ಕ ಕಿಮ್ಮತ್ತಿಲ್ಲ.

ಸುಮ್ನಿರಪ್ಪ

ಇದನ್ನೇ ವಾಟ್ಸಾಪಿನಾಗ ಕೇಳಿದ್ರ ಬರ್ತಿರ್ಲಿಲ್ಲೇನು ಅಕ್ಕಾ? "ಯಾವ ತಾರೀಖಿಗೆ ಕೊಡ್ತಿ?" ಅಂತ ಒಂದು ಸಾಲು.

ಬಿದರಿ ಅಕ್ಕ

ಬರ್ತಿತ್ತಪಾ, ಕೇಳಿದ್ರ. ತೂಕದವರು ನೋಂದಣಿಯವರಿಗೆ ಕೇಳ್ತಾರ, ಅಲ್ಲಿಗೆ ನಿಲ್ತದ. ಅದರಿಂದ ಪೇಮೆಂಟ್ ಸರದು ಟ್ರಯಲ್‌ಗೆ ಮೂರೇ ದಿನ ಉಳೀತು ಅನ್ನೋದು ಆ ಗ್ರೂಪಿನಾಗ ಯಾರಿಗೆ ಕಾಣಸ್ತದ? ಒಂದು ದಾರಕ್ಕ ಫೋನ್ ಸಾಕು. ದಾರಕ್ಕ ದಾರ ಗಂಟು ಬಿದ್ದಾಗ ಬೋರ್ಡ್ ಬೇಕು. ನೂರು ಜನದ ಮಾತು ನೀವಂದದ್ದು ಖರೇ ಅದ, ಭಾಳ ಟೀಮ್ ಕೂಡಿ ಕೆಲಸ ಮಾಡೋ ಸೇಫ್ ಪದ್ಧತಿಯವರು 50ರಿಂದ 125 ಮಂದಿ ಇರೋ ಟೀಮುಗಳ ಗುಂಪಿಗೆ, ಅವರ ಮಾತಿನಾಗ ಆರ್ಟ್ ಅನ್ನೋ ಟ್ರೇನಿಗೆ, ಇದನ್ನ ಇಟ್ಟಿದ್ದು, 2023ರ ಆವೃತ್ತಿಯಾಗ ಅದರ ಹೆಸರೂ ಆರ್ಟ್ ಪ್ಲಾನಿಂಗ್ ಬೋರ್ಡ್ ಅಂತ ಬದಲಾಯ್ತು. ಅವರ ಎರಡು ದಿನದ ಮೀಟಿಂಗು, ಮತದಾನ ಇವೆಲ್ಲ ನಾಲ್ಕು ಟೀಮಿಗೆ ಬ್ಯಾಡ. ಬೋರ್ಡ್ ಮಾತ್ರ ಇಟ್ಕೋರಿ.

ಭೀಮಾತೀರ

ಅಕ್ಕಾ ಇವತ್ತ ನಿಮ್ಮ ಮಾತು ಕೇಳಿ ತೂಕ ಮತ್ತ ಪೇಮೆಂಟ್ ನಡುವಿನ ದಾರಕ್ಕ ಚೀಟಿ ಬರೀಲಿಕ್ಕ ಕೂತ್ವಿ. "ಏನು ಕೊಡೋದು" ಅನ್ನೋ ಮೊದಲ್ನೇ ಸಾಲಿನಾಗೇ ಗಾಡಿ ಸಿಕ್ಕೊಂಡ್ತು. ಬೋರ್ಡಿನಾಗ ಇದ್ದದ್ದು ಬರೇ "ತೂಕದ ಚೀಟಿ". ನಮ್ಮ ತೂಕದ ಟೀಮಿನ ಹುಡುಗ ಅಂತಾನ, ತುಂಬಿದ ಗಾಡಿ ಕಾಟಾ ಮ್ಯಾಲ ನಿಂತ ಕೂಡ್ಲೇ ಚೀಟಿ ಹುಟ್ಟತದ, ನಾನು ಅದನ್ನ ಕಳಸ್ತೀನಿ. ಪೇಮೆಂಟಿನವರು ಅಂದ್ಕೊಂಡಿದ್ದು ಚೀಟಿ ಬಂತಂದ್ರ ರೊಕ್ಕ ಹಾಕ್ಲಿಕ್ಕ ರೆಡಿ ಅಂತ. ಮಾಲು ಇಳಿಸಿ ಖಾಲಿ ಗಾಡಿ ಮತ್ತ ತೂಗಿದ ಮ್ಯಾಲ ಅಲ್ಲೇನ್ರಿ ನಿವ್ವಳ ತೂಕ ಗೊತ್ತಾಗೋದು! ಒಂದೊಂದು ದಿನ ಗಾಡಿ ಸಾಲು ಇದ್ದಾಗ ಎರಡೂ ತೂಕದ ನಡುವ ನಾಲ್ಕೈದು ತಾಸು ಆಗ್ತದ. ಮೊದಲ್ನೇ ಚೀಟಿ ಮ್ಯಾಲ ರೊಕ್ಕ ಹಾಕಿದ್ರ ಲಾರಿ ತೂಕಕ್ಕೂ ತೊಗರಿ ರೇಟು ಕೊಟ್ಟಂಗ ಆಗ್ತಿತ್ತು.

ಈಗ ದಾರದ ಚೀಟಿ ಮ್ಯಾಲ ಬರದೀವಿ: "ಎರಡನೇ ತೂಕ ಆದ ಮ್ಯಾಲಿನ ಚೀಟಿ, ನಿವ್ವಳ ತೂಕ, ಗ್ರೇಡ್, ರೈತನ ಐಡಿ ಇರಬೇಕು. ಬೇಕು: ನವೆಂಬರ್ 17. ಕೊಡ್ತೀವಿ: ನವೆಂಬರ್ 12. ಮುಗೀತು ಅನ್ನೋರು: ಪೇಮೆಂಟ್ ಟೀಮ್, ಹತ್ತು ಗಾಡಿ ಚೀಟಿ ತಗೊಂಡು ಲೆಕ್ಕ ಕೂಡಿಸಿ ನೋಡಿದ ಮ್ಯಾಲ."

ಪೇಮೆಂಟ್ ಪಯಣಿಗ (ಬೆಂಗಳೂರು)

ನಾನು ಬೇರೆ ಕಂಪನಿ, ಆದ್ರೆ ಪೇಮೆಂಟ್ ಟೀಮಲ್ಲೇ ಇರೋದು ಹಾಗಾಗಿ ಆ ಕಡೆಯವರ ಪರವಾಗಿ ಒಂದು ಮಾತು. ಈ "ಕೊಡೋ ತಾರೀಖು" ಅಂತ ಬರೆಸ್ಕೊಳ್ಳೋದು ಇದ್ಯಲ್ಲ, ಮೊದಲ ತಿಂಗಳು ಚೆನ್ನಾಗಿರತ್ತೆ, ಆಮೇಲೆ ಮ್ಯಾನೇಜರ್ ಅದನ್ನ ಹಿಡ್ಕೊಂಡು ಯಾಕೆ ಎರಡು ದಿನ ತಪ್ಪಿತು ಅಂತ ಕೇಳೋಕೆ ಶುರು ಮಾಡ್ತಾರೆ, ಆವಾಗ ಎಲ್ರೂ ಒಂದು ವಾರ ಸೇರಿಸಿನೇ ತಾರೀಖು ಹೇಳ್ತಾರೆ. ಆವಾಗ ನಿಮ್ಮ ಬೋರ್ಡು ಇನ್ನೊಂದು ಥರದ ಸುಳ್ಳು ಹೇಳತ್ತೆ ಅಷ್ಟೇ. ನಮ್ಮಲ್ಲಿ ಹಾಗೇ ಆಗಿದೆ.

ಇನ್ನೊಂದು, ನಿಮ್ಮ ಬೋರ್ಡಲ್ಲಿ ಬ್ಯಾಂಕ್ ಎಲ್ಲಿದೆ? ನಾಲ್ಕು ಸಾಲಲ್ಲಿ ಬ್ಯಾಂಕೇ ಇಲ್ಲ. ಬ್ಯಾಂಕಿನ ಟೆಸ್ಟ್ ಎಪಿಐ ಬೇಗ ಸಿಕ್ಬಿಡತ್ತೆ, ಎಲ್ಲಾ ಓಡತ್ತೆ, ಎಲ್ರೂ ಖುಷಿ. ಪ್ರೊಡಕ್ಷನ್‌ಗೆ ಹೋಗ್ಬೇಕಾದ್ರೆ ನಿಮ್ಮ ಸರ್ವರ್ ಐಪಿ ಅವ್ರು ತಮ್ಮ ಪಟ್ಟಿಗೆ ಸೇರಿಸ್ಬೇಕು, ಸರ್ಟಿಫಿಕೇಟ್ ಕೊಟ್ಟು ತಗೋಬೇಕು, ಒಕ್ಕೂಟದ ಲೆಟರ್‌ಹೆಡ್ಡಲ್ಲಿ ಸಹಿ ಮಾಡಿದ ಪತ್ರ ಬೇಕು. ಇದ್ಯಾವುದೂ ನಿಮ್ಮ ಸ್ಪ್ರಿಂಟಿನ ಕ್ಯಾಲೆಂಡರ್ ನೋಡಿ ನಡೆಯಲ್ಲ.

ಬಿದರಿ ಅಕ್ಕ

ಪಯಣಿಗ ಅವರು ಹೇಳಿದ ಎರಡನೇ ಮಾತಿಗೆ ನೂರಕ್ಕ ನೂರು. ಹೊರಗಿನವರಿಗೆ ಐದನೇ ಸಾಲು ಹಾಕ್ರಿ: ಬ್ಯಾಂಕ್, ಕಾಟಾ ಕಂಪನಿ, ಒಕ್ಕೂಟದ ಆಫೀಸ್. ಅವರು ಮೀಟಿಂಗಿಗೆ ಬರಂಗಿಲ್ಲ, ಅದಕ್ಕ ಅವರ ಪ್ರತಿ ಕಾರ್ಡಿಗೆ ಬೆನ್ನು ಹತ್ತೋ ಒಬ್ಬ ಮನುಷ್ಯ ನಿಮ್ಮ ಕಡೀಂದ ಇರಬೇಕು.

ಮೊದಲ್ನೇ ಮಾತು, ತಾರೀಖು ಹಿಡಕೊಂಡು ಬೈಯೋದು, ಅದಕ್ಕ ನನ್ನ ಹತ್ರ ಪಕ್ಕಾ ಉತ್ತರ ಇಲ್ಲ. ನಮ್ಮಲ್ಲಿ ತಾರೀಖು ತಪ್ಪಿದ್ದಕ್ಕ ಕೇಳಂಗಿಲ್ಲ, ತಪ್ಪತದ ಅಂತ ಗೊತ್ತಾದ ಮ್ಯಾಲೂ ಬೋರ್ಡಿನಾಗ ತಿದ್ದದೇ ಕೂತ್ರ ಮಾತ್ರ ಕೇಳ್ತೀವಿ. ಮ್ಯಾಲಿನವರು ಚಲೋ ಇರೋತನ ನಡೀತದ.

ಪೇಮೆಂಟ್ ಪಯಣಿಗ

"ಚಲೋ ಇರೋತನ" ಅನ್ನೋದೇ ಅಕ್ಕ ಪ್ರಾಬ್ಲಂ. ಇರ್ಲಿ.

ಯಾದಗಿರಿ ಟೆಸ್ಟರ್

ನಮ್ಮಲ್ಲಿ ಮೂರು ಟೀಮ್ ಅದಾವ ಆದ್ರ ಟೆಸ್ಟಿಂಗ್ ಮಾಡೋದು ನಾನು ಒಬ್ಬಕೀನೇ. ಬೋರ್ಡ್ ನೋಡಿದ್ರ ಮೂರೂ ಟೀಮಿನ ನಡುವ ಒಂದೂ ದಾರ ಇಲ್ಲ, ಯಾರೂ ಯಾರ ಮ್ಯಾಲೂ ನಿಂತಿಲ್ಲ ಅಂತ ಪ್ರೋಗ್ರಾಂ ಮ್ಯಾನೇಜರ್ ಖುಷಿಯಾಗ್ಯಾರ. ಮೂರೂ ಕಾರ್ಡ್ ಒಂದೇ ಸ್ಪ್ರಿಂಟಿನ ಕಡೀ ಮೂರು ದಿನದಾಗ ನನ್ನ ತಲಿ ಮ್ಯಾಲ ಬೀಳ್ತಾವ. ನಾನು ಟಿಕೆಟ್ ಅಲ್ಲ, ಅದಕ್ಕ ಬೋರ್ಡಿನಾಗ ಇಲ್ಲ. ಇದಕ್ಕ ಏನು ಮಾಡ್ತೀರಿ?

ಟಿಕೆಟ್ ಮಾಸ್ತರ

ನಿಮ್ಮ ಹೆಸರಿಗೆ ಟಿಕೆಟ್ ಮಾಡ್ರಿ, ಮೂರಕ್ಕೂ ಲಿಂಕ್ ಹಾಕ್ರಿ.

ಯಾದಗಿರಿ ಟೆಸ್ಟರ್

ಮಾಡೀನ್ರಿ ಸರ್. ಮೂರೂ ಟಿಕೆಟ್ ಹಸಿರೇ ಅದಾವ. ನಾನು ಮಾತ್ರ ಕೆಂಪ ಆಗೀನಿ.

ಬಿದರಿ ಅಕ್ಕ

ನೀವು ಕೇಳಿದ್ದು ಭಾಳ ಜನ ಕೇಳಂಗಿಲ್ಲ ತಂಗಿ. ಹಂಚಿಕೊಂಡ ಮನುಷ್ಯಾಗ ನಾನು ಒಂದು ಬ್ಯಾರೆ ಸಾಲು ಹಾಕ್ತೀನಿ, ಟೀಮಿನಂಗೇ, ಪ್ರತಿ ಸ್ಪ್ರಿಂಟಿಗೆ ಎಷ್ಟು ದಿನ ಸಿಗ್ತಾರ ಬರೀತೀನಿ, ಬಂದ ಕೆಲಸ ಅದಕ್ಕಿಂತ ಹೆಚ್ಚಾದ್ರ ಆ ಮನಿ ಕೆಂಪು. ಇದರಿಂದ ಕಾಣಸ್ತದ, ಅಷ್ಟೇ, ಟೆಸ್ಟರ್ ಎರಡಾಗಂಗಿಲ್ಲ. ಯಾರದ್ದು ಮೊದಲ ಅಂತ ಒಬ್ಬರು ಕೂತು ಹೇಳಬೇಕು, ಆ ಒಬ್ಬರು ನಿಮ್ಮಲ್ಲಿ ಯಾರು ಅನ್ನೋದೇ ನೋಡ್ರಿ.

ಯಾದಗಿರಿ ಟೆಸ್ಟರ್

ಯಾರೂ ಇಲ್ಲ. ಯಾರು ಜೋರು ಮಾಡ್ತಾರೋ ಅವರದು ಮೊದಲ.

ಭೀಮಾತೀರ

ಮತ್ತ ರಿಸ್ಕ್ ಕಡೀಗೆ ಬರ್ತೀನಿ. ಬೋರ್ಡಿನ ಬಾಜೂಕ ಒಂದು ಕಾಲಂ ಇಟ್ಟೀವಿ, ರಿಸ್ಕ್ ಮತ್ತ ಬ್ಲಾಕರ್ ಎರಡೂ ಅದರಾಗೇ. ಈಗ 14 ಚೀಟಿ ಅದಾವ. ಪ್ಲಾನಿಂಗಿನಾಗ ರೋಮ್ ಮಾಡಿದ್ವಿ, ಪರಿಹಾರ ಆದದ್ದು, ಒಬ್ಬರು ಹೊಣಿ ಹೊತ್ತದ್ದು, ಒಪ್ಪಿಕೊಂಡದ್ದು, ಹಗುರ ಮಾಡಿದ್ದು ಅಂತ ನಾಲ್ಕು ಭಾಗ. 14ರಾಗ 11 "ಹೊಣಿ ಹೊತ್ತದ್ದು" ಕೆಳಗ ಬಂದಾವ. ಬರೋಬರಿ ಅದ ಏನು?

ಟಿಕೆಟ್ ಮಾಸ್ತರ

ಚಲೋ ಅಲ್ಲೇನ್ರಿ, ಎಲ್ಲಾದಕ್ಕೂ ಒಬ್ಬ ಮಾಲಕ ಅದಾನ. ರಿಸ್ಕ್ ಬ್ಲಾಕರ್ ಎರಡೂ ಒಂದೇ ಜಾತಿ, ಒಂದೇ ಕಾಲಂ ಸಾಕು.

ಬಿದರಿ ಅಕ್ಕ

ಒಂದೇ ಗೋಡಿ ಮ್ಯಾಲ ಇರ್ಲಿ, ಒಂದೇ ಕಾಲಂ ಬ್ಯಾಡ. ಬ್ಲಾಕರ್ ಅಂದ್ರ ಇವತ್ತ ಯಾರೋ ಕೈ ಕಟ್ಟಿ ಕೂತಾರ, ಅದನ್ನ ದಿನದಾಗ ಅಳೀಬೇಕು. ಚೀಟಿ ಮ್ಯಾಲ ಹುಟ್ಟಿದ ತಾರೀಖು ಬರೀರಿ, ಎರಡು ಕೆಲಸದ ದಿನದಾಗ ಬಿಡಲಿಲ್ಲಂದ್ರ ನಿಮ್ಮ ಹತ್ರ, ನಾಲ್ಕು ದಿನಕ್ಕ ಒಕ್ಕೂಟದವರ ಹತ್ರ ಹೋಗಬೇಕು, ಯಾರೂ ಕೇಳದೇನೇ ಹೋಗಬೇಕು. ರಿಸ್ಕ್ ಇನ್ನ ಆಗಿಲ್ಲ, ಅದಕ್ಕ ವಯಸ್ಸು ಎಣಿಸಿ ಏನೂ ಆಗಂಗಿಲ್ಲ. ರಿಸ್ಕಿಗೆ ಬೇಕಾದದ್ದು ಮುಂದಿನ ತಾರೀಖು: ಇಂಥಾ ದಿನದತನ ಇದು ಆಗ್ಲಿಲ್ಲಂದ್ರ ನಾವು ಇದನ್ನ ಮಾಡ್ತೀವಿ.

ನಿಮ್ಮ 11 ಚೀಟಿನಾಗ ಆ ತಾರೀಖು ಎಷ್ಟಕ್ಕದ ನೋಡ್ರಿ. ಇರಲಿಕ್ಕಿಲ್ಲ. ಪ್ಲಾನಿಂಗ್ ದಿನ ಸಂಜೀಕ ಎಲ್ಲಾರಿಗೂ ಮನಿಗೆ ಹೋಗೋ ಅವಸರ, ಯಾರೋ "ನಾ ನೋಡ್ಕೋತೀನಿ" ಅಂತಾರ, ಚೀಟಿ ಆ ಭಾಗಕ್ಕ ಹೋಗ್ತದ, ಅಲ್ಲೇ ಧೂಳು ತಿಂತದ. ಹೊಣಿ ಹೊತ್ತವರು ಒಂದು ವಾರದಾಗ ಅದನ್ನ ಬ್ಯಾರೆ ಭಾಗಕ್ಕ ಸರಸಬೇಕು, ಒಂದೋ ಹಗುರ ಮಾಡೋ ಯೋಜನೆ, ಇಲ್ಲಾ ಒಪ್ಪಿಕೊಂಡೀವಿ ಅನ್ನೋ ಮಾತು. ಬ್ಯಾಂಕಿಂದನ್ನೇ ಬರದು ತೋರಸ್ರಿ ನೋಡೋಣ.

ಭೀಮಾತೀರ

ಹಿಂಗ ಬರದೀವಿ ಅಕ್ಕಾ, ಪೇಮೆಂಟ್ ಟೀಮಿನವರ ಜೋಡಿ ಕಾಲ್‌ನಾಗ ಕೂತು:

"ಬ್ಯಾಂಕಿನ ಪ್ರೊಡಕ್ಷನ್ ಅನುಮತಿ ಲೇಟ್ ಆಗಬಹುದು. ಹೊಣಿ: ಪೇಮೆಂಟ್ ಲೀಡ್. ಒಕ್ಕೂಟದ ಪತ್ರ ಅಕ್ಟೋಬರ್ 10ರೊಳಗ ಕೊಡೋದು. ಅಕ್ಟೋಬರ್ 31ಕ್ಕ ಐಪಿ ಪಟ್ಟಿಗೆ ಸೇರಿಲ್ಲಂದ್ರ ಸ್ಪ್ರಿಂಟ್ 4ರಾಗ ಬಲ್ಕ್ ಫೈಲ್ ಸುದ್ದ ಮಾಡೋದು, ಅಂದ್ರ ಸಿಸ್ಟಮ್ ದಿನಾ ಸಂಜೀಕ ಫೈಲ್ ತಗದು ಕೊಡ್ತದ, ಒಕ್ಕೂಟದ ಅಕೌಂಟಂಟ್ ಬ್ಯಾಂಕಿನ ಪೋರ್ಟಲ್‌ಗೆ ಹಾಕ್ತಾರ, ಇನ್ನೊಬ್ಬರು ನೋಡಿ ಪಾಸ್ ಮಾಡ್ತಾರ."

ಫೈಲ್ ಮಾಡ್ಲಿಕ್ಕ ಎರಡು ದಿನ ಹೆಚ್ಚಿಗಿ ಹಿಡೀತದಂತ, ಅದಕ್ಕ ಸ್ಪ್ರಿಂಟ್ 4ರಾಗ ಜಾಗಾ ಬಿಟ್ಟೀವಿ.

ಪೇಮೆಂಟ್ ಪಯಣಿಗ

ಇದು ಒಳ್ಳೇದಾಯ್ತು. 9 ದಿನ ಪ್ಲಸ್ 2 ಅಂದ್ರೆ 11, ನಿಮ್ಮ ಸ್ಪ್ರಿಂಟಲ್ಲಿ 10 ದಿನ ಇರೋದು, ಡಿಸೆಂಬರ್ 1ರ ತನಕ ಹೋಗತ್ತೆ, ಟ್ರಯಲ್‌ನಿಂದ ಒಂದು ದಿನ ಹೋಯ್ತು ಅಂತ ಈಗ್ಲೇ ಬರ್ಕೊಳ್ಳಿ. ಮತ್ತೆ ಫೈಲಲ್ಲಿ ಒಂದು ಸಾಲು ತಿರಸ್ಕಾರ ಆದ್ರೆ, ಅಂದ್ರೆ ಐಎಫ್‌ಎಸ್‌ಸಿ ತಪ್ಪು, ಖಾತೆ ಬಂದ್ ಆಗಿದೆ, ಆ ಉತ್ತರ ವಾಪಸ್ ಸಿಸ್ಟಮ್‌ಗೆ ಯಾರು ಹಾಕ್ತಾರೆ? ಎಪಿಐ ಇದ್ರೆ ತಾನೇ ಬರತ್ತೆ. ಫೈಲ್ ಆದ್ರೆ ಪೋರ್ಟಲ್‌ನಿಂದ ಇಳಿಸ್ಕೊಂಡು ಹಾಕ್ಬೇಕು, ಇಲ್ಲಾಂದ್ರೆ ನಿಮ್ಮ ಸ್ಕ್ರೀನಲ್ಲಿ ರೈತನಿಗೆ "ಪಾವತಿ ಆಗಿದೆ" ಅಂತ ತೋರಿಸ್ತಾ ಇರತ್ತೆ, ಅವನ ಅಕೌಂಟಲ್ಲಿ ದುಡ್ಡಿರಲ್ಲ.

ಭೀಮಾತೀರ

ಅದು ಬರದಿಲ್ಲ. ಬರೀತೀವಿ. ಸೆಂಟರಿಗೆ ಬಂದು ಜಗಳ ಆಡೋದು ಅದಕ್ಕೇ.

ಕಾಟಾ ಕಾಕಾ

ಇಲ್ಲಿ ಎಲ್ಲಾರೂ ಕಂಪ್ಯೂಟರ್ ಮಾತಾಡ್ಲಕತ್ತೀರಿ, ನಂದು ಎಲೆಕ್ಟ್ರಾನಿಕ್ ಕಾಟಾ ರಿಪೇರಿ ಕೆಲಸ. ನಿಮ್ಮ ಸೆಂಟರಿನ ಕಾಟಾಕ್ಕ ತೂಕ ಮತ್ತು ಅಳತೆ ಇಲಾಖೆ ಮುದ್ರಿ ಯಾವಾಗ ಮುಗೀತದ ನೋಡೀರೇನು? ವರ್ಷಕ್ಕೊಮ್ಮೆ ಮಾಡಸಬೇಕು. ಸೀಸನ್ ಶುರು ಆದಾಗ ಎಲ್ಲಾ ಕಾಟಾದವರೂ ಒಮ್ಮೇಲೇ ಓಡ್ತಾರ. ಮುದ್ರಿ ಮುಗಿದ ಕಾಟಾ ಮ್ಯಾಲ ತೂಗಿ ರೊಕ್ಕ ಕೊಟ್ರಿ ಅಂದ್ರ ಕೇಸ್ ಆಗ್ತದ. ಮತ್ತ ಹಳೇ ಇಂಡಿಕೇಟರ್ ಇದ್ದಲ್ಲಿ ಆರ್‌ಎಸ್ 232 ವೈರ್ ಇರ್ತದ, ನಿಮ್ಮ ಲ್ಯಾಪ್‌ಟಾಪಿಗೆ ಆ ತೂತೇ ಇರಂಗಿಲ್ಲ, ಕನ್ವರ್ಟರ್ ತಗೊಂಡ್ ಹೋಗ್ರಿ. ಇಂಡಿಕೇಟರಿಂದ ಇಂಡಿಕೇಟರಿಗೆ ತೂಕ ಕಳಸೋ ನಮೂನಿ ಬ್ಯಾರೆ ಇರ್ತದ, ಒಂದು ಸೆಂಟರಿನಾಗ ಓಡಿದ್ದು ಇನ್ನೊಂದ್ರಾಗ ಓಡ್ತದಂತ ತಿಳೀಬ್ಯಾಡ್ರಿ.

ಭೀಮಾತೀರ

ಕಾಕಾ ನಿಮಗ ದೊಡ್ಡ ನಮಸ್ಕಾರ. ಮೂರು ಸೆಂಟರಿಗೆ ಫೋನ್ ಹಚ್ಚಿ ಕೇಳಿದ್ವಿ, ಒಂದ್ರಾಗ ಮುದ್ರಿ ಡಿಸೆಂಬರ್ ಮೊದಲ್ನೇ ವಾರಕ್ಕ ಮುಗೀತದ. ಐದನೇ ಸಾಲಿನಾಗ ಕಾರ್ಡ್ ಹಾಕೀವಿ, ಒಕ್ಕೂಟದ ಸೆಕ್ರೆಟರಿ ಹೆಸರಿಗೆ, ನವೆಂಬರ್ 20ಕ್ಕ ಹೊಸಾ ಮುದ್ರಿ ಆಗಿರಬೇಕು, ಇಲ್ಲಾಂದ್ರ ಆ ಸೆಂಟರ್ 15ಕ್ಕ ಚಾಲೂ ಮಾಡಂಗಿಲ್ಲ. ಇಂಡಿಕೇಟರ್ ಮಾಡೆಲ್ ನಂಬರ್ ಫೋಟೋ ಕೇಳೀವಿ ಮೂರೂ ಕಡೀಂದ.

ಬಿದರಿ ಅಕ್ಕ

ಆ ಸೆಂಟರ್ ಬಿಟ್ಟು ಚಾಲೂ ಮಾಡ್ತೀವಿ ಅನ್ನೋದನ್ನ ನೀವು ಒಪ್ಪಿಕೊಂಡ್ರ ಆಗಂಗಿಲ್ಲ, ಒಕ್ಕೂಟದವರು ಒಪ್ಪಬೇಕು. ಒಪ್ಪಿಕೊಂಡ ರಿಸ್ಕಿನ ಮ್ಯಾಲ ಅದರ ಪೆಟ್ಟು ಯಾರಿಗೆ ಬೀಳ್ತದೋ ಅವರ ಹೆಸರು ಇರಬೇಕು. ಟೀಮ್ ಲೀಡ್ ತಾನೇ ಒಪ್ಪಿಕೊಂಡಿದ್ದು ನಾ ಭಾಳ ನೋಡೀನಿ, ಆಮ್ಯಾಲ "ನಮಗ ಯಾರು ಹೇಳಿದ್ರು" ಅಂತ ಬರ್ತದ.

ಸುಮ್ನಿರಪ್ಪ

ಒಕ್ಕೂಟದವರು ಯಾವ ರಿಸ್ಕೂ ಒಪ್ಪಂಗಿಲ್ಲ ಅಕ್ಕಾ. ಅವರಿಗೆ ಕೇಳಿದ್ರ "ಎಲ್ಲಾ ಆಗಬೇಕು, 15ಕ್ಕೇ ಆಗಬೇಕು" ಅಂತಾರ. ಆವಾಗ ಚೀಟಿ ಎಲ್ಲಿ ಅಂಟಸ್ತೀರಿ?

ಬಿದರಿ ಅಕ್ಕ

ಹೊಣಿ ಹೊತ್ತದ್ದರ ಕೆಳಗ, ಸೆಕ್ರೆಟರಿ ಹೆಸರಿಗೆ. ಬ್ಯಾರೆ ಜಾಗಾ ಇಲ್ಲ.

ಪೇಮೆಂಟ್ ಪಯಣಿಗ

ಅದು ಅವ್ರ ಹೆಸರಲ್ಲಿ ಇದೆ ಅಂತ ಅವ್ರಿಗೆ ಗೊತ್ತಿರತ್ತಾ? ಅನುಮಾನ ನಂಗೆ.

ಭೀಮಾತೀರ

ಗೊತ್ತು ಮಾಡಸ್ತೀನಿ, ಮಂಗಳವಾರದ ಮೀಟಿಂಗಿಗೆ ಕರದೀನಿ. ವಾರಕ್ಕೊಮ್ಮೆ ಮಂಗಳವಾರ ಅರ್ಧ ತಾಸು ಇಟ್ಟೀವಿ, ಸ್ಟೇಟಸ್ ಓದಂಗಿಲ್ಲ, ಕೆಂಪು ದಾರ, ಎರಡು ದಿನ ದಾಟಿದ ಬ್ಲಾಕರ್, ಆ ವಾರ ತಾರೀಖು ಬರೋ ರಿಸ್ಕ್, ಇಷ್ಟೇ. ಹಸಿರು ಇದ್ದದ್ದರ ಬಗ್ಗೆ ಯಾರೂ ಬಾಯಿ ತೆಗಿಯಂಗಿಲ್ಲ.

ಕಡೀದೊಂದು ಮಾಸ್ತರಿಗೆ: ದಾರದ ಬೋರ್ಡ್ ಫೋಟೋ ಪುಣೆದವರಿಗೆ ಓದ್ಲಿಕ್ಕ ಆಗವಲ್ದು ಅಂತಾರ, ಅದಕ್ಕ ದಾರಗಳನ್ನ ಜಿರಾದಾಗೂ ಹಾಕ್ಲಕತ್ತೀವಿ. ಆದ್ರ ಪೇಮೆಂಟಿನ ಟಿಕೆಟಿಗೆ ಹಾಕಿದ ಲಿಂಕ್ ಅವರಿಗೆ ಕಾಣಸ್ತದ, ಪುಣೆದವರಿಗೆ ಕಾಣಸವಲ್ದು. ನಾ ನೋಡಿದ್ರ ಅದ, ಅವರ ಸ್ಕ್ರೀನಿನಾಗ ಆ ಜಾಗಾನೇ ಖಾಲಿ.

ಟಿಕೆಟ್ ಮಾಸ್ತರ

ಪೇಮೆಂಟ್ ಪ್ರಾಜೆಕ್ಟಿಗೆ ಬೀಗ ಹಾಕ್ಯಾರ, ಪುಣೆದವರಿಗೆ `Browse Projects` ಅನುಮತಿ ಇಲ್ಲ. ಅದು ಇಲ್ಲಾಂದ್ರ ಆ ಕಡೀ ಟಿಕೆಟ್ ಲಿಂಕ್ ಸಮೇತ ಮಾಯ, ತಪ್ಪು ಅಂತ ಸುದ್ದ ತೋರಸಂಗಿಲ್ಲ. ಬ್ಯಾಂಕಿನ ಸುದ್ದಿ ಇರೋ ಪ್ರಾಜೆಕ್ಟ್ ಎಲ್ಲಾರಿಗೂ ತೆಗಿರಿ ಅಂದ್ರ ಅವರು ಒಪ್ಪಲಿಕ್ಕಿಲ್ಲ. ಅದಕ್ಕ ಒಂದು ಬ್ಯಾರೆ ಪ್ರಾಜೆಕ್ಟ್ ಮಾಡ್ರಿ, ಅದರಾಗ ದಾರದ ಚೀಟಿ, ರಿಸ್ಕ್, ಬ್ಲಾಕರ್ ಇಷ್ಟೇ ಇರ್ಲಿ, ನಾಲ್ಕೂ ಟೀಮಿಗೆ ನೋಡೋ ತಿದ್ದೋ ಹಕ್ಕು ಕೊಡ್ರಿ. ಒಳಗಿನ ಟಿಕೆಟ್ ಅವರವರ ಪ್ರಾಜೆಕ್ಟಿನಾಗೇ ಇರ್ಲಿ. ಅಡ್ಮಿನ್ ಯಾರು ನಿಮ್ಮಲ್ಲಿ?

ಭೀಮಾತೀರ

ಬೆಂಗಳೂರಿನವರು. ರಜಾ ಮ್ಯಾಲ ಅದಾರ, ಸೋಮವಾರ ಬರ್ತಾರ. ಬ್ಲಾಕರ್ ಕಾಲಮಿನಾಗ ಇವತ್ತಿನ ತಾರೀಖು ಹಾಕಿ ಅಂಟಸ್ತೀನಿ.